ನಾಲ್ಕು ಗಂಟೆಯಲ್ಲಿ ಐದು ಸೆಂಟಿಮೀಟರ್

ಮೇ ತಿಂಗಳ ಬೆಳಗಿನ ಆರು ಗಂಟೆ. ಮಂಡ್ಯ ಸೀಮೆಯ ಒಂದು ವಿತರಣಾ ನಾಲೆಯಲ್ಲಿ ನೀರು ಅಲುಗದೆ ನಿಂತಿದೆ. ಹರಿಯಬೇಕಾದ ನೀರನ್ನು ಬೇಕೆಂದೇ ನಿಲ್ಲಿಸಿದ್ದಾರೆ. ಮೇಲೊಂದು, ಕೆಳಗೊಂದು ಮಣ್ಣಿನ ಅಡ್ಡಗಟ್ಟೆ. ನಡುವೆ 300 ಮೀಟರ್ ಉದ್ದದ ನೀರು. ಗಟ್ಟೆಗಳ ಒಳಮೈಗೆ ನೀಲಿ ಟಾರ್ಪಾಲು ಹೊದಿಸಿ, ಅದರ ಬುಡಕ್ಕೆ ಮರಳು ಮೂಟೆ ಪೇರಿಸಿ, ಮೂಟೆಗಳ ಸಂದಿಗೆ ಕೆರೆಯ ಜೇಡಿಮಣ್ಣು ಮೆತ್ತಿದ್ದಾರೆ. ದಡದಲ್ಲಿ ಅಂಗೈಯಗಲದ ಕಬ್ಬಿಣದ ಪೈಪು ನೀರಿನೊಳಗೆ ನೆಟ್ಟಗೆ ನಿಂತಿದೆ. ಅದರ ಬುಡದಲ್ಲಿ ಸಣ್ಣ ತೂತುಗಳಿರುವುದರಿಂದ ಹೊರಗೆ ಎಷ್ಟು ನೀರಿದೆಯೋ ಒಳಗೂ ಅಷ್ಟೇ ಇರುತ್ತದೆ, ಗಾಳಿಗೆ ಏಳುವ ಅಲೆ ಮಾತ್ರ ಒಳಗೆ ಬರುವುದಿಲ್ಲ. ಪೈಪಿನ ಬಾಯಿಗೆ ಬಗ್ಗಿರುವ ಸಹಾಯಕ ಎಂಜಿನಿಯರ್ ಹಿತ್ತಾಳೆಯ ಕೊಕ್ಕೆಯೊಂದನ್ನು ಸ್ಕ್ರೂ ತಿರುಗಿಸುತ್ತ ಕೆಳಗಿನಿಂದ ಮೇಲಕ್ಕೆ ತರುತ್ತಿದ್ದಾರೆ. ಕೊಕ್ಕೆಯ ಮೊನೆ ನೀರಿನ ಮೈಯನ್ನು ಒಳಗಿನಿಂದ ಮುಟ್ಟಿದಾಗ ಅಲ್ಲೊಂದು ಪುಟ್ಟ ಉಬ್ಬು ಕಾಣುತ್ತದೆ. ಆ ಕ್ಷಣದ ಅಳತೆಯನ್ನು ಅವರು ಪುಸ್ತಕದಲ್ಲಿ ಬರೆದುಕೊಂಡರು.

"ಎಷ್ಟು ಬಂತವ್ವ?" ಎಂದು ದಡದ ಮೇಲಿದ್ದ ಸೌಡಿ ಕೇಳಿದ. ಈ ನಾಲೆಯ ತೂಬುಗಳನ್ನು ವರ್ಷಗಳಿಂದ ತೆಗೆದು ಮುಚ್ಚಿದ ಕೈ ಅವನದು.

"ಒಂದು ಮೀಟರ್, ಎರಡೂವರೆ ಸೆಂಟಿಮೀಟರ್ ಅಣ್ಣ. ಹತ್ತು ಗಂಟೆಗೆ ಇನ್ನೊಂದು ಸಲ ನೋಡೋಣ."

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಶುರುವಾಯಿತು. ಅಲ್ಲಿಂದ ಹೊರಟು ಹುಲಿಕೆರೆ ಸುರಂಗವನ್ನು ದಾಟಿ ಬರುವ ದೊಡ್ಡ ನಾಲೆ 1930ರ ದಶಕದಲ್ಲಿ ಮಂಡ್ಯದ ಹೊಲಗಳನ್ನು ಗದ್ದೆ ಮಾಡಿತು. ಆಗ ಅದು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ. ಇಂಥ ದೊಡ್ಡ ನಾಲೆಗಳ ಕವಲುಗಳೆಲ್ಲ ಮೊದಲು ಮಣ್ಣನ್ನು ಅಗೆದು ಮಾಡಿದವೇ. ಮಣ್ಣಿನ ನಾಲೆ ನೀರನ್ನು ಹೊತ್ತು ಸಾಗುವಾಗ ದಾರಿಯುದ್ದಕ್ಕೂ ಸ್ವಲ್ಪ ಕುಡಿಯುತ್ತದೆ. ಎಷ್ಟು ಕುಡಿಯುತ್ತದೆ ಎಂದು ಕೇಳಿದರೆ ತಲೆಭಾಗದ ರೈತ ಹೇಳುವ ಲೆಕ್ಕ ಒಂದು, ಕೊನೆಭಾಗದವನದು ಇನ್ನೊಂದು, ಕಚೇರಿಯ ಕಡತದ್ದು ಮತ್ತೊಂದು. ಪೈಪಿನಲ್ಲಿ ಕೊಕ್ಕೆ ಇಳಿಬಿಟ್ಟಿರುವುದು ಈ ಮೂರನ್ನೂ ಬದಿಗಿಟ್ಟು ನೀರನ್ನೇ ಕೇಳುವುದಕ್ಕೆ.

ಹರಿಯುವ ನೀರನ್ನೇ ಅಳೆಯಬಹುದಲ್ಲ, ನಿಲ್ಲಿಸುವ ತೊಂದರೆ ಯಾಕೆ ಎನಿಸುತ್ತದೆ. ನಾಲೆಯ ಮೇಲ್ಗಡೆ ಒಂದು ಕಡೆ ಹರಿವು ಅಳೆದು, ಕೆಳಗಡೆ ಇನ್ನೊಂದು ಕಡೆ ಅಳೆದು, ನಡುವಿನ ತೂಬುಗಳಿಗೆ ಹೋದದ್ದನ್ನು ಕಳೆದರೆ ಉಳಿದ ವ್ಯತ್ಯಾಸವೇ ನಷ್ಟ. ಈ ವಿಧಾನವೂ ಬಳಕೆಯಲ್ಲಿದೆ, ಉದ್ದನೆಯ ದೊಡ್ಡ ನಾಲೆಗಳಿಗೆ ಅದೇ ಸರಿ. ಈ ವಿತರಣಾ ನಾಲೆಗೆ ಮಾತ್ರ ಅದು ಒದಗುವುದಿಲ್ಲ. ತಳ 2 ಮೀಟರ್ ಅಗಲ, ಇಳಿಜಾರು ದಡ, ಒಂದು ಮೀಟರ್ ನೀರು ನಿಂತಾಗ ಮೇಲ್ಮೈ 5 ಮೀಟರ್ ಅಗಲ. ತುಂಬಿ ಹರಿದರೆ ಸೆಕೆಂಡಿಗೆ 1,600 ಲೀಟರ್, ಅಂದರೆ ಹೆಚ್ಚುಕಡಿಮೆ 57 ಕ್ಯೂಸೆಕ್. ಹರಿವು ಅಳೆಯುವ ತಿರುಗಣಿ ಮೀಟರನ್ನು ಎಷ್ಟೇ ಜೋಪಾನವಾಗಿ ಹಿಡಿದರೂ ಮಣ್ಣಿನ ನಾಲೆಯಲ್ಲಿ ನೂರಕ್ಕೆ ಐದರಷ್ಟು ತಪ್ಪು ಬರುವುದು ಸಹಜ. 1,600ರಲ್ಲಿ ಅದು 80 ಲೀಟರ್. ಒಂದು ಕಿಲೋಮೀಟರಿನಲ್ಲಿ ನೆಲಕ್ಕಿಳಿಯುವುದು ಹದಿನೈದಿಪ್ಪತ್ತು ಲೀಟರ್ ಆದರೆ, ಹುಡುಕುತ್ತಿರುವ ಸಂಖ್ಯೆ ಅಳತೆಯ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಎರಡೂ ಕಡೆ ಅಳೆದ ಮೇಲೆ ಕೆಳಗಡೆಯೇ ಹೆಚ್ಚು ನೀರು ಬಂದಂತೆ ಲೆಕ್ಕ ಸಿಗುವುದೂ ಉಂಟು. ಅದಕ್ಕೇ ನೀರನ್ನು ಕಟ್ಟಿ ನಿಲ್ಲಿಸಿ, ಎಷ್ಟು ಇಳಿಯಿತು ಎಂದು ನೋಡುವುದು. ಇಳಿತವನ್ನು ಮಿಲಿಮೀಟರಿನಲ್ಲಿ ಓದಬಹುದು.

ನಿಲ್ಲಿಸುವ ಕೆಲಸಕ್ಕೂ ಒಂದು ಹೊತ್ತಿದೆ. ಒಣಗಿ ಬಿರುಕುಬಿಟ್ಟ ನಾಲೆಗೆ ನೀರು ತುಂಬಿ ಅಳೆದರೆ ಒಣ ಮಣ್ಣು ತನ್ನ ದಾಹಕ್ಕೆ ಹೀರಿದ್ದೂ ಲೆಕ್ಕಕ್ಕೆ ಸೇರಿ ನಷ್ಟ ದುಪ್ಪಟ್ಟಾಗಿ ಕಾಣುತ್ತದೆ. ಇಲ್ಲಿ ಕೊನೆಯ ಕಟ್ಟಿನ ನೀರು ಇನ್ನೂ ಹರಿಯುತ್ತಿರುವಾಗಲೇ ಕೆಳಗಿನ ಗಟ್ಟೆ ಎದ್ದಿತು. ನೀರು ಹಿಂದಕ್ಕೆ ಏರಿ ತುಂಬಿದ ಮೇಲೆ ಮೇಲಿನ ಗಟ್ಟೆಯನ್ನು ಮುಚ್ಚಿದರು. ಹೀಗೆ ಮಾಡಿದರೆ ನೀರು ಹೊರುವ ಕಷ್ಟವೂ ತಪ್ಪುತ್ತದೆ, ಯಾಕೆಂದರೆ ಈ 300 ಮೀಟರಿನಲ್ಲಿ ನಿಂತಿರುವುದು ಸುಮಾರು ಹತ್ತೂವರೆ ಲಕ್ಷ ಲೀಟರ್. ಟ್ಯಾಂಕರಿನಲ್ಲಿ ತಂದು ತುಂಬಲು ಹೊರಟರೆ ಎಂಬತ್ತಕ್ಕೂ ಹೆಚ್ಚು ಲೋಡು. ತುಂಬಿದ ಮೇಲೂ ಒಂದು ಹಗಲು, ಒಂದು ರಾತ್ರಿ ಹಾಗೇ ಬಿಟ್ಟಿದ್ದರು. ಮೊದಮೊದಲು ಇಳಿತ ಜೋರಾಗಿರುತ್ತದೆ, ಬರಬರುತ್ತ ನಿಧಾನಿಸಿ ಒಂದು ಹದಕ್ಕೆ ನಿಲ್ಲುತ್ತದೆ. ಗಂಟೆಗಂಟೆಯ ಇಳಿತ ಒಂದೇ ಸಮ ಬರತೊಡಗಿದ ಮೇಲಷ್ಟೇ ಅಳತೆಗೆ ಬೆಲೆ.

ಆರರಿಂದ ಹತ್ತರವರೆಗಿನ ನಾಲ್ಕು ಗಂಟೆ ಯಾರೂ ಸುಮ್ಮನೆ ಕೂರಲಿಲ್ಲ. ಸೌಡಿ ದಡದ ಹೊರಮೈ ಹಿಡಿದು ನಡೆದ. ಅವನು ಹುಡುಕುತ್ತಿದ್ದುದು ಏಡಿ ಬಿಲ. ಜಿನುಗಾದರೆ ದಡದ ಮೈಯೆಲ್ಲ ಒದ್ದೆ, ನೀರು ಎಲ್ಲಿಂದ ಬಂತೆಂದು ಬೆರಳಿಟ್ಟು ತೋರಿಸಲಾಗದು. ಏಡಿಯೋ ಇಲಿಯೋ ಕೊರೆದ ತೂತಾದರೆ ಬೆರಳ ದಪ್ಪದ ನೀರು ಒಂದೇ ಕಡೆ ಬುಳುಬುಳು ಎನ್ನುತ್ತದೆ, ಜೊತೆಗೆ ಕೆಂಪು ಮಣ್ಣನ್ನೂ ತರುತ್ತದೆ. ಹಾಗೆ ಕಲಕಿ ಬರುವ ನೀರನ್ನು ಕಂಡರೆ ಪರೀಕ್ಷೆ ಅಲ್ಲಿಗೇ ನಿಂತಿತು. ಅಂಥ ತೂತು ಒಂದಿದ್ದರೂ 300 ಮೀಟರ್ ಮಣ್ಣಿನ ಸ್ವಭಾವದ ಬದಲು ಒಂದು ಏಡಿಯ ಕೆಲಸವನ್ನು ಅಳೆದಂತಾಗುತ್ತದೆ. ಇಲ್ಲಿನ ಎರಡು ತೂಬುಗಳ ಬಾಯಿಗೆ ಹಿಂದಿನ ದಿನವೇ ಜೇಡಿ ತುರುಕಿದ್ದರೂ ಒಂದರ ಹೊರಗಡೆ ತೇವ ಕಂಡಿತು. ಸೌಡಿ ನೀರಿಗಿಳಿದು, ಕಾಲ ಹೆಬ್ಬೆರಳಿನಿಂದ ತೂಬಿನ ಅಂಚು ಹುಡುಕಿ, ಮತ್ತೊಂದು ಮುದ್ದೆ ಮೆತ್ತಿ ಬಂದ. ಎಂಜಿನಿಯರ್ ಅಷ್ಟರಲ್ಲಿ ಗಟ್ಟೆಗಳ ಆಚೆ ನೋಡಿಬಂದರು. ಅಲ್ಲಿಯೂ ಸ್ವಲ್ಪ ನೀರು ನಿಲ್ಲಿಸಿದ್ದಾರೆ. ಎರಡೂ ಪಕ್ಕ ನೀರಿದ್ದರೆ ಗಟ್ಟೆಯೊಳಗಿಂದ ಒಂದು ಕಡೆಗೆ ಸೋರುವ ಒತ್ತಡ ಕಡಿಮೆಯಾಗುತ್ತದೆ. ದಡದ ಮೇಲಿನ ದುಂಡನೆಯ ತಗಡಿನ ತೊಟ್ಟಿಯಲ್ಲಿ ಬಿಸಿಲಿಗೆ ಆವಿಯಾದ ನೀರಿನ ಲೆಕ್ಕ: ನಾಲ್ಕು ಗಂಟೆಗೆ 2 ಮಿಲಿಮೀಟರ್.

ಹತ್ತು ಗಂಟೆಗೆ ಕೊಕ್ಕೆ ಮತ್ತೆ ಮೇಲಕ್ಕೆ ಬಂತು. 97.5 ಸೆಂಟಿಮೀಟರ್. ಐದು ಸೆಂಟಿಮೀಟರ್ ಇಳಿದಿದೆ.

ಲೆಕ್ಕ ಕಷ್ಟದ್ದಲ್ಲ. 50 ಮಿಲಿಮೀಟರಿನಲ್ಲಿ ಆವಿಯ 2 ಕಳೆದರೆ 48. ಅಷ್ಟು ದಪ್ಪದ ನೀರಿನ ಪದರ 5 ಮೀಟರ್ ಅಗಲ, 300 ಮೀಟರ್ ಉದ್ದಕ್ಕೆ ಹರಡಿದ್ದರೆ ಅದು 72 ಘನ ಮೀಟರ್, ಅಂದರೆ 72,000 ಲೀಟರ್. ನಾಲ್ಕು ಗಂಟೆಯ 14,400 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಸರಿಯಾಗಿ 5 ಲೀಟರ್. ಆದರೆ ನೀರು ಇಳಿದುಹೋದದ್ದು ಮೇಲ್ಮೈಯಿಂದಲ್ಲ, ಮಣ್ಣನ್ನು ಮುಟ್ಟಿರುವ ತಳ ಮತ್ತು ಎರಡು ದಡಗಳಿಂದ. ಆ ಒದ್ದೆ ಮೈಯ ಸುತ್ತಳತೆ 5.6 ಮೀಟರ್, 300 ಮೀಟರಿಗೆ 1,680 ಚದರ ಮೀಟರ್. ಕಾಲುವೆಯವರು ನಷ್ಟವನ್ನು ಹತ್ತು ಲಕ್ಷ ಚದರ ಮೀಟರ್ ಒದ್ದೆ ಮೈಗೆ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಹೇಳುತ್ತಾರೆ. ನಾಲೆ ಸಣ್ಣದಿರಲಿ ದೊಡ್ಡದಿರಲಿ, ಹಾಗೆ ಹೇಳಿದರೆ ಒಂದರೊಡನೆ ಒಂದನ್ನು ಹೋಲಿಸಬಹುದು. ಆ ಲೆಕ್ಕದಲ್ಲಿ ಇಲ್ಲಿನ ದರ 3.0. ದೇಶದ ಅಂತರ್ಜಲ ಅಂದಾಜಿಗಾಗಿ 1997ರಲ್ಲಿ ಸಮಿತಿಯೊಂದು ಕೊಟ್ಟ ಸೂತ್ರದಲ್ಲಿ ಮರಳಿನ ಜೊತೆ ಒಂದಿಷ್ಟು ಜೇಡಿ ಇರುವ ಸಾಮಾನ್ಯ ಮಣ್ಣಿಗೆ 1.8ರಿಂದ 2.5, ಮರಳು ಮಣ್ಣಿಗೆ 3.0ರಿಂದ 3.5 ಎಂದಿದೆ. ಇಲ್ಲಿನ ಕೆಂಪು ಮರಳು ಮಿಶ್ರಿತ ಮಣ್ಣು ಮರಳಿನ ಸಾಲಿಗೆ ಸೇರಿತು.

ಸೂತ್ರದ ಸಂಖ್ಯೆಯೇ ಬಂದಮೇಲೆ ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಬಹುದು. ಉತ್ತರ ಇದೇ ನಾಲೆಯಲ್ಲಿ ಕಟ್ಟಿ ನೋಡಿದ ಇನ್ನೆರಡು ಕಡೆ ಸಿಕ್ಕಿತು. ಹನ್ನೆರಡು ಕಿಲೋಮೀಟರಿನ ಈ ನಾಲೆ ಒಂದೇ ಮಣ್ಣಿನಲ್ಲಿ ಹೋಗುವುದಿಲ್ಲ. ಮೊದಲ 5 ಕಿಲೋಮೀಟರ್ ಕೆಂಪು ಮಣ್ಣು. ಆಮೇಲಿನ 4 ಕಿಲೋಮೀಟರ್ ಹಳೆಯ ಕೆರೆಯೊಂದರ ಅಂಗಳ ಬಳಸಿ ಹೋಗುವ ಜಿಗುಟು ಮಣ್ಣು. ಅಲ್ಲಿ ಕಟ್ಟಿ ನೋಡಿದಾಗ ಬಂದ ದರ 1.0 ಮಾತ್ರ. ಕೊನೆಯ 3 ಕಿಲೋಮೀಟರಿನಲ್ಲಿ ನಾಲೆ ತಗ್ಗನ್ನು ದಾಟಬೇಕಾದ್ದರಿಂದ ಹೊರಗಿನಿಂದ ಮಣ್ಣು ತಂದು ಏರಿ ಹಾಕಿ ಅದರ ಮೇಲೆ ನೀರು ಹರಿಸಿದ್ದಾರೆ. ಅಲ್ಲಿನ ದರ 5.0. ಏರಿಯ ಬುಡದ ಉದ್ದಕ್ಕೂ ಆಳೆತ್ತರ ಜೊಂಡು ನಿಂತಿದೆ. ಸುತ್ತಲಿನ ಹೊಲ ಬಿಸಿಲಿಗೆ ಬೆಳ್ಳಗಾಗಿರುವಾಗ ಅದೊಂದು ಪಟ್ಟಿ ಮಾತ್ರ ಹಸಿರು. ನಷ್ಟ ಎಲ್ಲಿದೆ ಎಂದು ತೋರಿಸಲು ಕೊಕ್ಕೆಗಿಂತ ಮೊದಲೇ ಜೊಂಡು ಸಾಕ್ಷಿ ಹೇಳುತ್ತದೆ, ಎಷ್ಟು ಎಂದು ಮಾತ್ರ ಹೇಳಲಾರದು.

ಮೂರನ್ನೂ ಸೇರಿಸಿ ನೋಡೋಣ. ಕೆಳಕ್ಕೆ ಹೋದಂತೆ ನಾಲೆ ಕಿರಿದಾಗುತ್ತದೆ, ಹಾಗಾಗಿ ಒದ್ದೆ ಮೈ ಮೊದಲ ಭಾಗದಲ್ಲಿ 25,000 ಚದರ ಮೀಟರ್, ನಡುವೆ 16,000, ಕೊನೆಯಲ್ಲಿ 9,000. ನಷ್ಟ ಸೆಕೆಂಡಿಗೆ ಕ್ರಮವಾಗಿ 75, 16 ಮತ್ತು 45 ಲೀಟರ್. ಒಟ್ಟು 136 ಲೀಟರ್, ತಲೆಯಲ್ಲಿ ಬಿಟ್ಟ ನೀರಿನಲ್ಲಿ ನೂರಕ್ಕೆ ಎಂಟೂವರೆ. ಕಟ್ಟಿನ ಬಿಡುವುಗಳನ್ನು ಕಳೆದು ಹಂಗಾಮಿಗೆ 120 ದಿನ ನೀರು ಹರಿಯುತ್ತದೆಂದರೆ ನೆಲ ಸೇರುವುದು 14 ಲಕ್ಷ ಘನ ಮೀಟರ್. ಗದ್ದೆಯಲ್ಲಿ ಭತ್ತಕ್ಕೆ 1.2 ಮೀಟರ್ ನೀರು ಎಂದು ಹಿಡಿದರೆ ಅದು 290 ಎಕರೆ ಭತ್ತದ ನೀರು.

ಈಗ ಲೈನಿಂಗ್ ಮಾಡಿದರೆ? ಅದೇ 1997ರ ಸೂತ್ರ ಲೈನಿಂಗ್ ಆದ ನಾಲೆಯ ನಷ್ಟವನ್ನು ಮಣ್ಣಿನ ನಾಲೆಯದರ ನೂರಕ್ಕೆ ಇಪ್ಪತ್ತು ಎನ್ನುತ್ತದೆ. ಅಂದರೆ ಉಳಿಯುವುದು ನೂರಕ್ಕೆ ಎಂಬತ್ತು, ಇಲ್ಲಿ 230 ಎಕರೆಗೆ ಆಗುವಷ್ಟು. ಅಂದಾಜು ಪಟ್ಟಿಗಳು ಹೆಚ್ಚಾಗಿ ಇಷ್ಟು ಬರೆದು ಮುಗಿಯುತ್ತವೆ. ನಾಲೆಯನ್ನು ತಲೆಯಿಂದ ಬಾಲದವರೆಗೆ ಒಂದೇ ಮುದ್ದೆಯಾಗಿ ನೋಡುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಒಂದೊಂದು ಚದರ ಮೀಟರ್ ಕಾಂಕ್ರೀಟು ಒಂದು ಹಂಗಾಮಿಗೆ ಎಷ್ಟು ನೀರು ಉಳಿಸುತ್ತದೆ ಎಂದು ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಏರಿಯ ಭಾಗದಲ್ಲಿ 41 ಘನ ಮೀಟರ್, ಕೆಂಪು ಮಣ್ಣಿನಲ್ಲಿ 25, ಕೆರೆ ಅಂಗಳದ ಜಿಗುಟು ಮಣ್ಣಿನಲ್ಲಿ ಬರೀ 8. ಕೆಲಸದ ಖರ್ಚು ಮೂರು ಕಡೆಯೂ ಹೆಚ್ಚುಕಡಿಮೆ ಒಂದೇ. ಲೆಕ್ಕ ಸುಲಭವಾಗಲೆಂದು ಚದರ ಮೀಟರಿಗೆ 1,000 ರೂಪಾಯಿ ಎಂದಿಟ್ಟುಕೊಂಡು, ಬಡ್ಡಿ ಸೇರಿಸಿ ನಲವತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 100 ರೂಪಾಯಿ ಬೀಳುತ್ತದೆ. ಹಾಗಾದರೆ ಉಳಿಸಿದ ಒಂದು ಘನ ಮೀಟರ್ ನೀರಿಗೆ ಏರಿಯಲ್ಲಿ ಎರಡೂವರೆ ರೂಪಾಯಿ, ಕೆಂಪು ಮಣ್ಣಿನಲ್ಲಿ 4 ರೂಪಾಯಿ, ಜಿಗುಟು ಮಣ್ಣಿನಲ್ಲಿ 12 ರೂಪಾಯಿ. ಅದೇ ಕಾಂಕ್ರೀಟು, ಅದೇ ಕೂಲಿ. ಕೆರೆ ಅಂಗಳದಲ್ಲಿ ಸುರಿದರೆ ಏರಿಗಿಂತ ಐದು ಪಟ್ಟು ದುಬಾರಿ. ಆ ನಾಲ್ಕು ಕಿಲೋಮೀಟರಿನ ತಳಕ್ಕೆ ಪ್ರಕೃತಿಯೇ ಜೇಡಿ ಹೊದಿಸಿದೆ. ಅಲ್ಲಿ ಹೂಳು ತೆಗೆದು, ಕುಸಿದ ದಡ ಕಟ್ಟಿದರೆ ಸಾಕು.

ಏರಿ ಕೆಳಗಿನ ರೈತ ಮಧ್ಯಾಹ್ನ ಬಂದ. ಅವನದು ಒಂದೂಕಾಲು ಎಕರೆ. ಅರ್ಧದಷ್ಟು ಜೌಗು ಹಿಡಿದು, ಮೇಲೆ ಉಪ್ಪಿನ ಬಿಳಿ ಪುಡಿ ಕಟ್ಟಿದೆ. "ನೆಟ್ಟಿದ್ ಪೈರು ಹಳ್ದಿಯಾಯ್ತದೆ ಕಣ್ ಸಾ, ಬೇರು ಕೊಳ್ತೋಯ್ತದೆ" ಎಂದ. ನೀರು ಉಳಿದದ್ದರ ಜೊತೆಗೆ ಇವನ ಅರ್ಧ ಜಮೀನು ಮರಳಿ ಬರುವುದನ್ನೂ ಲೈನಿಂಗಿನ ಲಾಭದ ಅಂಕಣದಲ್ಲಿ ಬರೆಯಬೇಕು. ಜೌಗು ಹಿಡಿದ ಎಕರೆಗಳನ್ನು ಅಳೆದು ಬರೆಯಬೇಕು. ಅವನ ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬ, ಸ್ವಲ್ಪ ದೂರದ ತೆಂಗಿನ ತೋಟದವನು, ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಬಾಯಿಬಿಟ್ಟ. "ನಾಲೆಗೆ ಸಿಮೆಂಟ್ ಬಳುದ್ರೆ ನಮ್ ಬಾವಿಗೆ ಎಲ್ಲಿಂದಣ್ಣ ನೀರು?"

ಇವರಿಬ್ಬರೂ ಸರಿ. ನಾಲೆಯಿಂದ ಇಳಿದ ನೀರೆಲ್ಲ ಹಾಳಾಗುವುದಿಲ್ಲ; ಒಂದು ಭಾಗ ಬಾವಿಯಲ್ಲಿ, ಇನ್ನೊಂದು ಭಾಗ ತಗ್ಗಿನ ಹಳ್ಳದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಳಿನೊಳಗೆ ಹಾದುಹೋಗುವ ಆಲ್ ಅಮೆರಿಕನ್ ನಾಲೆಯ 37 ಕಿಲೋಮೀಟರಿಗೆ ಕಾಂಕ್ರೀಟ್ ನಾಲೆ ಕಟ್ಟಿ 2009ರಲ್ಲಿ ಮುಗಿಸಿದರು. ವರ್ಷಕ್ಕೆ ಸುಮಾರು 3 ಟಿ.ಎಂ.ಸಿ. ನೀರು ಉಳಿಯುತ್ತದೆಂಬುದು ಅದರ ಲೆಕ್ಕ. ಅಷ್ಟು ದಿನ ಆ ಜಿನುಗು ಗಡಿಯಾಚೆ ಮೆಕ್ಸಿಕೋದ ಮೆಹಿಕಾಲಿ ಕಣಿವೆಯ ಬಾವಿಗಳನ್ನು ತುಂಬುತ್ತಿತ್ತು. ಅಲ್ಲಿನವರು ವಿರೋಧಿಸಿದರು, ಮಾತು ಕೋರ್ಟಿಗೂ ಹೋಯಿತು. ಒಂದು ಕಡೆ ಉಳಿತಾಯವೆಂದು ಬರೆದದ್ದು ಇನ್ನೊಂದು ಕಡೆ ಕಡಿತವಾಗಿತ್ತು. ನಮ್ಮ ನಾಲೆಯಲ್ಲೂ ತೆಂಗಿನ ತೋಟದವನ ಬಾವಿ ಹೀಗೇ ಲೆಕ್ಕಕ್ಕೆ ಬರಬೇಕು. ನಾಲೆ ನಿಂತ ಮೇಲೆ ಬಾವಿಯ ನೀರು ದಿನಕ್ಕೆ ಎಷ್ಟು ಇಳಿಯುತ್ತದೆ, ನೀರು ಬಿಟ್ಟ ಮೇಲೆ ಎಷ್ಟು ದಿನಕ್ಕೆ ಏರುತ್ತದೆ ಎಂದು ಒಂದು ಹಂಗಾಮು ಬರೆದಿಟ್ಟರೆ, ಅದು ನಾಲೆಯ ಕೂಸೋ ಮಳೆಯ ಕೂಸೋ ತಿಳಿಯುತ್ತದೆ. ನಾಲೆಯದೇ ಆದರೆ ಎಂಬತ್ತರಷ್ಟು ಉಳಿತಾಯದಿಂದ ಆ ಭಾಗವನ್ನು ಕಳೆಯಲೇಬೇಕು. ಜೌಗು ಹಿಡಿದು ಉಪ್ಪಾಗುವ ನೀರು ಮಾತ್ರ ನಿಜವಾದ ನಷ್ಟ. ಈ ನಾಲೆಯಲ್ಲಿ ಅದು ಹೆಚ್ಚಾಗಿರುವುದು ಏರಿಯ ಬುಡದಲ್ಲೇ.

ಲೈನಿಂಗ್ ಮಾಡಲು ಹೊರಟವರು ಮರೆಯುವ ಇನ್ನೊಂದು ಸಂಗತಿ ತೂಬಿನ ಮಟ್ಟ. ಮಣ್ಣಿನ ಒರಟು ಮೈಯಲ್ಲಿ ನೀರು ತಡೆದು ತಡೆದು ಹೋಗುತ್ತದೆ, ನಯವಾದ ಕಾಂಕ್ರೀಟಿನ ಮೇಲೆ ಜಾರುತ್ತದೆ. ಅದೇ ಅಳತೆಯ ನಾಲೆಗೆ ಸಾಮಾನ್ಯ ಲೈನಿಂಗ್ ಮಾಡಿದರೆ ಅದು ನೂರಕ್ಕೆ ನಲವತ್ತರಷ್ಟು ಹೆಚ್ಚು ನೀರು ಹೊರಬಲ್ಲದು. ಕೊನೆಭಾಗಕ್ಕೆ ನೀರು ಬೇಗ ಮುಟ್ಟುವುದು ಇದರಿಂದ, ಮತ್ತು ಕೊನೆಯ ರೈತನ ಮಟ್ಟಿಗೆ ಇದೇ ಲೈನಿಂಗಿನ ದೊಡ್ಡ ಲಾಭ ಇರಬಹುದು. ಆದರೆ ಬಿಡುವ ನೀರು ಅಷ್ಟೇ ಇದ್ದರೆ ಒಂದು ಮೀಟರ್ ಆಳದ ಜಾಗದಲ್ಲಿ 85 ಸೆಂಟಿಮೀಟರ್ ಮಾತ್ರ ನಿಲ್ಲುತ್ತದೆ. ಮೀಟರ್ ಆಳಕ್ಕೆಂದು ಕೂರಿಸಿದ ತೂಬಿಗೆ ಆಗ ಸಾಕಷ್ಟು ಒತ್ತಡ ಇರುವುದಿಲ್ಲ. ಕಾಂಕ್ರೀಟು ಒಣಗುವ ಮೊದಲೇ ಯಾರೋ ಅದನ್ನು ಒಡೆದು ತೂಬು ಇಳಿಸಿದ್ದನ್ನು ಕಂಡು ರೈತರನ್ನು ಬೈಯುವವರಿದ್ದಾರೆ. ತಪ್ಪು ನಕ್ಷೆಯದು. ನಾಲೆಯನ್ನು ಕಿರಿದು ಮಾಡಬೇಕಿತ್ತು, ಇಲ್ಲವೇ ತೂಬುಗಳನ್ನೂ ಜೊತೆಗೇ ಇಳಿಸಬೇಕಿತ್ತು.

ಕಾಂಕ್ರೀಟು ಸೋಲುವುದು ಹೆಚ್ಚಾಗಿ ನಾಲೆ ತುಂಬಿದ್ದಾಗಲ್ಲ, ಖಾಲಿಯಾದಾಗ. ಹೊರಗಿನ ಮಣ್ಣಿನಲ್ಲಿ ನೀರು ತುಂಬಿಕೊಂಡಿರುತ್ತದೆ, ಒಳಗಿನ ನೀರು ಒಮ್ಮೆಲೇ ಇಳಿಯುತ್ತದೆ, ಹಿಂದಿನ ಒತ್ತಡ ಚಪ್ಪಡಿಯನ್ನು ನಾಲೆಯೊಳಕ್ಕೆ ದೂಡುತ್ತದೆ. ಅದಕ್ಕೇ ಚಪ್ಪಡಿಯಲ್ಲಿ ಒತ್ತಡ ಬಿಡುವ ರಂಧ್ರಗಳನ್ನಿಟ್ಟು, ಅವುಗಳ ಹಿಂದೆ ಮಣ್ಣು ಹೊರಬರದಂತೆ ಜಲ್ಲಿ ಮರಳಿನ ಶೋಧಕ ತುಂಬುವುದು. ಎರೆ ಭೂಮಿಯ ಕಥೆ ಬೇರೆ. ಅಲ್ಲಿ ಮಣ್ಣೇ ನೀರು ಕುಡಿದು ಉಬ್ಬಿ ಚಪ್ಪಡಿಯನ್ನು ಎತ್ತುತ್ತದೆ, ಆದ್ದರಿಂದ ಲೈನಿಂಗಿನ ಕೆಳಗೆ ಉಬ್ಬದ ಅಂಟುಮಣ್ಣಿನ ದಪ್ಪ ಪದರ ಹಾಸಬೇಕಾಗುತ್ತದೆ, ಖರ್ಚೂ ಏರುತ್ತದೆ. ಯಾವ ಮಣ್ಣಾದರೂ ಚಪ್ಪಡಿ ಬಿರುಕುಬಿಟ್ಟ ಮೇಲೆ ಎಂಬತ್ತರ ಮಾತು ನಿಲ್ಲುವುದಿಲ್ಲ. ಬಿರುಕು ಕೂದಲೆಳೆಯಷ್ಟೇ ಇರಬಹುದು, ಅದರ ಕೆಳಗಿನ ಮರಳು ಮಣ್ಣು ನೀರನ್ನು ಎಳೆದು ಅಗಲಕ್ಕೆ ಹರಡಿಕೊಳ್ಳುತ್ತದೆ. ಮೈಯ ನೂರರಲ್ಲಿ ತೊಂಬತ್ತೊಂಬತ್ತು ಭಾಗ ಗಟ್ಟಿಯಾಗಿ ಕಂಡರೂ ಉಳಿದ ಒಂದು ಭಾಗದ ಬಿರುಕು, ಬಾಯಿಬಿಟ್ಟ ಜೋಡಣೆಗಳು ಉಳಿತಾಯದ ಬಹುಪಾಲನ್ನು ನುಂಗಬಲ್ಲವು. ಜೋಡಣೆಗೆ ತುಂಬಿದ ಟಾರು ಕಿತ್ತುಹೋದ ವರ್ಷವೇ ಅದನ್ನು ಮತ್ತೆ ತುಂಬುವ ಹಣ ಅಂದಾಜಿನಲ್ಲಿ ಇಲ್ಲದಿದ್ದರೆ, ನಲವತ್ತು ವರ್ಷಕ್ಕೆ ಹಂಚಿದ ಆ ನೂರು ರೂಪಾಯಿಯ ಲೆಕ್ಕವೇ ಸುಳ್ಳು.

ನಿಂತ ನೀರಿನ ಪರೀಕ್ಷೆಗೂ ಒಂದು ಮಿತಿ ಇದೆ. ನೀರು ನಿಂತರೆ ಅದರಲ್ಲಿನ ನುಣುಪು ಹೂಳು ತಳಕ್ಕೆ ಕೂತು ಮಣ್ಣಿನ ಕಣ್ಣುಗಳನ್ನು ಮುಚ್ಚುತ್ತದೆ, ಹರಿಯುವಾಗ ಹಾಗೆ ಆಗುವುದಿಲ್ಲ. ಹಾಗಾಗಿ 3.0 ಎಂದು ಬಂದದ್ದು ಹರಿವಿನಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಇದ್ದೀತು. ಎಂಜಿನಿಯರ್ ಇದನ್ನು ಪುಸ್ತಕದ ಅಂಚಿನಲ್ಲಿ ಬರೆದು, ಮಣ್ಣಿನ ಬಗೆ, ಪೈಪು ನೆಟ್ಟ ಜಾಗದ ಕಿಲೋಮೀಟರ್ ಕಲ್ಲು, ಗಟ್ಟೆಗಳ ಅಂತರ ಎಲ್ಲವನ್ನೂ ಸೇರಿಸಿದರು. ಕೊನೆಯ 3 ಕಿಲೋಮೀಟರಿಗೆ ಮೊದಲು ಲೈನಿಂಗ್, ಮೊದಲ 5 ಕಿಲೋಮೀಟರಿನದು ಬಾವಿಗಳ ಲೆಕ್ಕ ಬಂದ ಮೇಲೆ, ನಡುವಿನ 4 ಕಿಲೋಮೀಟರಿಗೆ ಹೂಳೆತ್ತುವುದಷ್ಟೇ ಎಂಬುದು ಅವರ ಟಿಪ್ಪಣಿ. ಏರಿಯ ಮೇಲೆ ಲೈನಿಂಗ್ ಮುಗಿದ ವರ್ಷದ ಬೇಸಿಗೆಯಲ್ಲಿ ಅದೇ ಕಲ್ಲುಗಳ ನಡುವೆ ಮತ್ತೆ ಗಟ್ಟೆ ಕಟ್ಟಿ ಅಳೆಯಬೇಕು, 5.0 ಇದ್ದ ದರ 1.0ಕ್ಕೆ ಇಳಿದಿರಬೇಕು, ಇಳಿಯದಿದ್ದರೆ ಗುತ್ತಿಗೆದಾರರ ಕೊನೆಯ ಬಿಲ್ಲು ಪಾಸಾಗುವ ಮೊದಲೇ ಜೋಡಣೆಗಳನ್ನು ಬಿಚ್ಚಿ ನೋಡಬೇಕು ಎಂದೂ ಬರೆದಿದ್ದಾರೆ.